ಹಳೆ ಖಾತೆ ಪುಸ್ತಕವನ್ನು ಹಾಗೇ ಟ್ಯಾಲಿಗೆ ಇಳಿಸಬೇಡಿ

(ಸಣ್ಣ ವ್ಯಾಪಾರಿಗಳು ಮತ್ತು ಅವರ ಲೆಕ್ಕ ಬರೆಯುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪುಸ್ತಕದಲ್ಲಿದ್ದ ಲೆಕ್ಕವನ್ನು ಸಾಫ್ಟ್‌ವೇರ್‌ಗೆ ತರುವಾಗ ಮೊದಲ ದಿನ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಲೆಕ್ಕ ಬರೆಯುವ ಹುಡುಗ ಹಳೆ ಖಾತೆ ಪುಸ್ತಕ ಪಕ್ಕಕ್ಕೆ ಇಟ್ಟುಕೊಳ್ಳುತ್ತಾನೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇರುವ ಹೆಸರುಗಳನ್ನೆಲ್ಲ ಲೆಡ್ಜರ್ ಅಂತ ಟೈಪ್ ಮಾಡುತ್ತಾನೆ. ಸಂಜೆಗೆ ಕೆಲಸ ಮುಗಿಯಿತು ಅಂತ ಎಲ್ಲರಿಗೂ ಸಮಾಧಾನ. ಮೂರು ತಿಂಗಳಾದ ಮೇಲೆ ಮಾಲೀಕರು ಲಾಭ-ನಷ್ಟದ ಪಟ್ಟಿ ತೆಗೆದು ನೋಡುತ್ತಾರೆ. ಅದರಲ್ಲಿ ಅವರಿಗೆ ಬೇಕಾದ ಒಂದು ಉತ್ತರವೂ ಸಿಗುವುದಿಲ್ಲ. ಆಮೇಲೆ ಸಾಫ್ಟ್‌ವೇರ್ ಸರಿ ಇಲ್ಲ ಅಂತ ಮಾತು ಶುರುವಾಗುತ್ತದೆ.

ಇವತ್ತು ಆ ಮೊದಲ ದಿನದ ಕೆಲಸದ ಬಗ್ಗೆ ಮಾತ್ರ ಮಾತಾಡುತ್ತೇನೆ. ಯಾವ ಲೆಡ್ಜರ್ ತೆರೆಯಬೇಕು, ಯಾವುದನ್ನು ತೆರೆಯಬಾರದು, ತೆರೆದದ್ದನ್ನು ಯಾವ ಗ್ರೂಪ್ ಕೆಳಗೆ ಕೂರಿಸಬೇಕು. ಇದನ್ನೇ ಚಾರ್ಟ್ ಆಫ್ ಅಕೌಂಟ್ಸ್ ಅನ್ನುವುದು. ನಮ್ಮ ಕಡೆ ಹೆಚ್ಚಿನವರು ಬಳಸುವುದು ಟ್ಯಾಲಿ, ಹಾಗಾಗಿ ಪರದೆಯ ಮೇಲಿನ ಹೆಸರುಗಳನ್ನು ಅದರಿಂದಲೇ ಹೇಳುತ್ತೇನೆ. ಬೇರೆ ಸಾಫ್ಟ್‌ವೇರ್ ಇದ್ದರೂ ವಿಚಾರ ಇದೇ.

ಉದಾಹರಣೆಗೆ ಒಂದು ಅಂಗಡಿ ತೆಗೆದುಕೊಳ್ಳೋಣ. ತಾಲೂಕು ಊರಿನಲ್ಲಿರುವ ಹಾರ್ಡ್‌ವೇರ್ ಅಂಗಡಿ. ಸಿಮೆಂಟ್, ಕಬ್ಬಿಣ, ಪೇಂಟ್, ಪೈಪು, ಮೊಳೆ, ಬೀಗ ಎಲ್ಲ ಸಿಗುತ್ತದೆ. ಹಿಂದೆ ಒಂದು ಶೆಡ್ ಇದೆ. ಅಲ್ಲಿ ಮೂವರು ವೆಲ್ಡಿಂಗ್ ಕೆಲಸದವರು ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ಮಾಲೀಕರು ಒಬ್ಬರೇ, ಪಾಲುದಾರರಿಲ್ಲ. ಇಂಥ ಅಂಗಡಿಗಳ ಲೆಕ್ಕವನ್ನು ನಾನು ತುಂಬಾ ನೋಡಿದ್ದೇನೆ. ಅವುಗಳಲ್ಲಿ ಕಾಣುವುದನ್ನೇ ಸೇರಿಸಿ, ಅಂಕಿಗಳನ್ನು ದುಂಡು ಮಾಡಿ ಹೇಳುತ್ತಿದ್ದೇನೆ.

ಈ ಅಂಗಡಿಯ ಹಳೆ ಪುಸ್ತಕದಲ್ಲಿ ಏನೇನಿದೆ ನೋಡಿ. ಪ್ರತಿ ಉದ್ರಿ ಗಿರಾಕಿಗೆ ಒಂದು ಪುಟ. ಪ್ರತಿ ಸಪ್ಲೈಯರ್‌ಗೆ ಒಂದು ಪುಟ. ಸಿಮೆಂಟ್ ವ್ಯಾಪಾರ, ಪೇಂಟ್ ವ್ಯಾಪಾರ ಅಂತ ಬೇರೆ ಬೇರೆ. ಲಾರಿ ಬಾಡಿಗೆ, ಹಮಾಲಿ, ಆಟೋ, ಟೀ-ತಿಂಡಿ, ಕೂಲಿ, ಕರೆಂಟ್, ಮನೆಗೆ ಕೊಟ್ಟದ್ದು, ಮಗಳ ಫೀಸು, ಚೀಟಿ ಕಟ್ಟಿದ್ದು, ಬ್ಯಾಂಕ್ ಕಂತು, ಭಾವನಿಂದ ತಂದದ್ದು, ಕೊನೆಗೆ ದಪ್ಪನಾದ ಒಂದು "ಇತರೆ ಖರ್ಚು" ಪುಟ. ಪುಸ್ತಕಕ್ಕೆ ಇದು ಸರಿಯಾಗಿಯೇ ಇದೆ. ಪುಸ್ತಕದಲ್ಲಿ ಒಂದು ವಿಷಯ ನೆನಪಿಡಲು ಇರುವ ದಾರಿ ಒಂದೇ, ಅದಕ್ಕೊಂದು ಪುಟ ತೆರೆಯುವುದು. ಸಾಫ್ಟ್‌ವೇರ್‌ನಲ್ಲಿ ದಾರಿ ಹಲವು. ಯಾವ ಮಾಲು ಅನ್ನುವುದಕ್ಕೆ ಸ್ಟಾಕ್ ಐಟಂ ಇದೆ. ಯಾವ ಬಿಲ್ಲಿನ ಬಾಕಿ ಅನ್ನುವುದಕ್ಕೆ ಬಿಲ್‌ವಾರು ವಿವರ ಇದೆ. ಯಾವ ಕೆಲಸಕ್ಕೆ ಖರ್ಚಾಯಿತು ಅನ್ನುವುದಕ್ಕೆ ಕಾಸ್ಟ್ ಸೆಂಟರ್ ಇದೆ. ಇಷ್ಟಿದ್ದೂ ಎಲ್ಲವನ್ನೂ ಲೆಡ್ಜರ್‌ನಲ್ಲೇ ತುಂಬಿದರೆ ಕೆಲಸ ಕೆಡುತ್ತದೆ.

ಹಾಗಾದರೆ ಲೆಡ್ಜರ್ ಯಾವಾಗ ತೆರೆಯಬೇಕು? ನಾನು ನೋಡುವುದು ಎರಡೇ. ಒಂದು, ತಿಂಗಳ ಕೊನೆಗೆ ಮಾಲೀಕರು ಆ ಮೊತ್ತವನ್ನು ಬೇರೆಯಾಗಿ ನೋಡಿ ಏನಾದರೂ ತೀರ್ಮಾನ ಮಾಡುತ್ತಾರಾ? ಎರಡು, ತೆರಿಗೆಯಲ್ಲಿ ಅಥವಾ ಬ್ಯಾಂಕಿನ ಲೆಕ್ಕದಲ್ಲಿ ಅದಕ್ಕೆ ಬೇರೆ ನಡವಳಿಕೆ ಇದೆಯಾ? ಎರಡಕ್ಕೂ ಇಲ್ಲ ಅಂತಾದರೆ ಬೇರೆ ಲೆಡ್ಜರ್ ಬೇಡ.

ಲಾರಿ ಬಾಡಿಗೆಯನ್ನೇ ನೋಡಿ. ಕಬ್ಬಿಣ ಟ್ರಾನ್ಸ್‌ಪೋರ್ಟ್ ಕಂಪನಿಯ ಲಾರಿಯಲ್ಲಿ ಬರುತ್ತದೆ, ಜೊತೆಗೆ ಎಲ್‌ಆರ್, ಅಂದರೆ ಲಾರಿ ರಸೀದಿ ಬರುತ್ತದೆ. ಆ ಟ್ರಾನ್ಸ್‌ಪೋರ್ಟ್‌ನವರು ತಾವೇ ಜಿಎಸ್‌ಟಿ ಹಾಕದಿದ್ದರೆ, ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಆ ಬಾಡಿಗೆಯ ಮೇಲೆ 5% ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ತಾವೇ ಕಟ್ಟಬೇಕು. ಇನ್ನು ಪಕ್ಕದ ಊರಿನಿಂದ ಮಿನಿ ಲಾರಿಯವನು ಎಲ್‌ಆರ್ ಏನೂ ಇಲ್ಲದೆ ಮಾಲು ತಂದು ಹಾಕಿ ಬಾಡಿಗೆ ಇಸಿದುಕೊಂಡು ಹೋದರೆ ಅದಕ್ಕೆ ಈ ತೆರಿಗೆ ಇಲ್ಲ. ಎರಡೂ ಲಾರಿ ಬಾಡಿಗೆಯೇ. ಆದರೆ ಒಂದೇ ಲೆಡ್ಜರ್‌ನಲ್ಲಿ ಹಾಕಿದರೆ ರಿಟರ್ನ್ ಸಲ್ಲಿಸುವ ದಿನ ಒಂದೊಂದೇ ವೋಚರ್ ತೆಗೆದು ನೋಡುತ್ತಾ ಕೂರಬೇಕು. ಇಲ್ಲಿ ಎರಡು ಲೆಡ್ಜರ್ ಬೇಕೇ ಬೇಕು.

ಅದೇ ಪೇಂಟ್‌ಗೆ ಬನ್ನಿ. ಒಂದೊಂದು ಬ್ರ್ಯಾಂಡಿಗೆ ಒಂದೊಂದು ಸೇಲ್ಸ್ ಲೆಡ್ಜರ್ ಬೇಕು ಅಂತ ಕೇಳುವವರು ಜಾಸ್ತಿ. ಯಾವ ಬ್ರ್ಯಾಂಡ್ ಎಷ್ಟು ಹೋಯಿತು ಅಂತ ತಿಳಿಯಬೇಕು ಅನ್ನುವುದು ಸರಿಯೇ. ಆದರೆ ಅದನ್ನು ಸ್ಟಾಕ್ ಗ್ರೂಪ್ ಹೇಳುತ್ತದೆ. ಲೀಟರ್ ಲೆಕ್ಕ, ಡಬ್ಬದ ಲೆಕ್ಕ, ಉಳಿದದ್ದು ಎಷ್ಟು ಅನ್ನುವುದನ್ನೂ ಸೇರಿಸಿ ಹೇಳುತ್ತದೆ. ಲೆಡ್ಜರ್ ರೂಪಾಯಿ ಮಾತ್ರ ಹೇಳುತ್ತದೆ.

ಇದೇ ತರಹದ ಇನ್ನೊಂದು ಅಭ್ಯಾಸ ಇದೆ. ತೆರಿಗೆ ದರಕ್ಕೊಂದು ಸೇಲ್ಸ್ ಲೆಡ್ಜರ್ ಮಾಡುವುದು. 18% ಸೇಲ್ಸ್, 28% ಸೇಲ್ಸ್ ಅಂತ. ಬಿಲ್ಲಿನಲ್ಲಿ ಐಟಂ ಹಾಕದೆ ಬರೀ ಮೊತ್ತ ಬರೆಯುವವರಿಗೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೆ ಐಟಂ ಹಾಕುವವರಿಗೆ ಇದು ಬೇಡ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಆಗ ಏನಾಯಿತು? ದರವನ್ನು ಐಟಂನಲ್ಲಿ ಇಟ್ಟವರು ಸಿಮೆಂಟ್ ಐಟಂಗೆ ಆ ತಾರೀಖಿನಿಂದ ಹೊಸ ದರ ಹಾಕಿ ಮುಂದಕ್ಕೆ ಹೋದರು. ಲೆಡ್ಜರ್ ಹೆಸರಿನಲ್ಲೇ ದರ ಇಟ್ಟವರ ಸಿಮೆಂಟ್ ವ್ಯಾಪಾರ ವರ್ಷದ ಮಧ್ಯದಲ್ಲಿ ಎರಡು ಲೆಡ್ಜರ್‌ಗೆ ಹಂಚಿಹೋಯಿತು. ಬದಲಾಗುವ ಅಂಕಿಯನ್ನು ಲೆಡ್ಜರ್ ಹೆಸರಿಗೆ ಸೇರಿಸಬೇಡಿ.

ಈಗ ಈ ಉಪನ್ಯಾಸದ ಮುಖ್ಯ ಭಾಗಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಸಮಯ ಕೊಡಿ.

ನಮ್ಮ ಅಂಗಡಿ ಮಾಲೀಕರಿಗೆ ಒಂದು ನಂಬಿಕೆ ಇತ್ತು. ಅಂಗಡಿಯಲ್ಲಿ ಲಾಭ ಕಡಿಮೆ, ಶೆಡ್‌ನಲ್ಲಿ ಒಳ್ಳೆ ಲಾಭ. ಪುಸ್ತಕವೂ ಹಾಗೇ ಹೇಳುತ್ತಿತ್ತು. ಒಂದು ತಿಂಗಳ ಲೆಕ್ಕ ನೋಡೋಣ, ಎಲ್ಲ ಅಂಕಿಗಳೂ ಜಿಎಸ್‌ಟಿ ಬಿಟ್ಟು. ಅಂಗಡಿ ವ್ಯಾಪಾರ 16,00,000. ಮಾರಿದ ಮಾಲಿನ ಖರೀದಿ ಬೆಲೆ 14,00,000. ಉಳಿದದ್ದು 2,00,000, ಅಂದರೆ 12.5%. ಶೆಡ್‌ನ ಗೇಟು-ಗ್ರಿಲ್ಲು ವ್ಯಾಪಾರ 4,00,000. ಅದಕ್ಕೆ ಹೋದ ಪೈಪು, ಆ್ಯಂಗಲ್, ಶೀಟು 2,40,000. ಉಳಿದದ್ದು 1,60,000, ಅಂದರೆ 40%. ನೋಡಿದವರು ಯಾರಾದರೂ ಶೆಡ್ ದೊಡ್ಡದು ಮಾಡಿ ಅಂತಲೇ ಹೇಳುತ್ತಾರೆ. ಮಾಲೀಕರೂ ಹಾಗೇ ಯೋಚಿಸಿ, ಗ್ರಿಲ್ಲಿಗೆ ರೇಟು ಹೇಳುವಾಗ ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು.

ಉಳಿದ ಖರ್ಚೆಲ್ಲ ಕೆಳಗೆ ಒಂದೇ ರಾಶಿಯಲ್ಲಿತ್ತು. ಅದನ್ನು ಬಿಡಿಸಿ ನೋಡಿದಾಗ ಮಾಲು ತರಿಸಿದ ಲಾರಿ ಬಾಡಿಗೆ ಮತ್ತು ಇಳಿಸಿದ ಹಮಾಲಿ 40,000. ಇದು ಅಂಗಡಿಯ ಮಾಲಿನ ಮೇಲೆ ಕೂರಬೇಕು. ವೆಲ್ಡಿಂಗ್ ಕೆಲಸದವರ ಕೂಲಿ 90,000. ವೆಲ್ಡಿಂಗ್ ರಾಡು, ಗ್ಯಾಸು, ಗ್ರೈಂಡಿಂಗ್ ವೀಲು 18,000. ಶೆಡ್‌ಗೆ ಬೇರೆ ಮೀಟರ್ ಇತ್ತು, ಅದರ ಕರೆಂಟ್ ಬಿಲ್ಲು 12,000. ಇವು ಮೂರೂ ಶೆಡ್‌ನದ್ದು. ಈಗ ಲೆಕ್ಕ ಹಾಕಿ. ಅಂಗಡಿಯ ಗ್ರಾಸ್ ಲಾಭ 2,00,000ದಲ್ಲಿ 40,000 ಹೋಗಿ 1,60,000, ಅಂದರೆ 10%. ಶೆಡ್‌ನದ್ದು 1,60,000ದಲ್ಲಿ 1,20,000 ಹೋಗಿ 40,000. ಅದೂ 10%. ನಲವತ್ತು ಅಂದುಕೊಂಡದ್ದು ಹತ್ತು. ಆ ಹತ್ತರಲ್ಲಿ ಗಿರಾಕಿಗೆ ಐದು ಬಿಟ್ಟುಕೊಟ್ಟರೆ ಏನು ಉಳಿಯುತ್ತದೆ ಅಂತ ನೀವೇ ಹೇಳಿ.

ವ್ಯವಹಾರದಲ್ಲಿ ಏನೂ ಬದಲಾಗಿಲ್ಲ. ಒಟ್ಟು ಲಾಭವೂ ಅಷ್ಟೇ. ಖರ್ಚು ಎಲ್ಲಿ ಕೂತಿದೆ ಅನ್ನುವುದು ಮಾತ್ರ ಬದಲಾಗಿದೆ. ಟ್ಯಾಲಿಯಲ್ಲಿ ಇದನ್ನು ತೀರ್ಮಾನಿಸುವುದು ಎರಡು ಗ್ರೂಪ್: `Direct Expenses` ಮತ್ತು `Indirect Expenses`. ಮೊದಲನೆಯದು ಗ್ರಾಸ್ ಲಾಭದ ಗೆರೆಗಿಂತ ಮೇಲೆ ಬರುತ್ತದೆ, ಎರಡನೆಯದು ಕೆಳಗೆ. ಮಾಲು ಅಂಗಡಿಗೆ ಬಂದು ಮಾರಲು ತಯಾರಾಗುವವರೆಗೆ, ಅಥವಾ ಗೇಟು ತಯಾರಾಗುವವರೆಗೆ ಆಗುವ ಖರ್ಚು ಮೇಲೆ. ಆಮೇಲೆ ಮಾರಲು, ತಲುಪಿಸಲು, ಅಂಗಡಿ ನಡೆಸಲು ಆಗುವ ಖರ್ಚು ಕೆಳಗೆ. ಹಾಗಾಗಿ ಮಾಲು ತಂದ ಲಾರಿ ಮೇಲೆ, ಗಿರಾಕಿ ಮನೆಗೆ ಸಿಮೆಂಟ್ ಕಳಿಸಿದ ಆಟೋ ಕೆಳಗೆ. ವೆಲ್ಡರ್ ಕೂಲಿ ಮೇಲೆ, ಕೌಂಟರ್ ಹುಡುಗನ ಸಂಬಳ ಕೆಳಗೆ.

ನಾನು ಈ ಅಂಗಡಿಗೆ ಮಾಡುವ ಜೋಡಣೆ ಇದು:

```
Direct Expenses
   Shop - Inward
      Freight Inward - GTA (RCM)
      Freight Inward - Local
      Unloading Hamali
   Shed - Production
      Shed Wages
      Welding Consumables
      Shed Electricity
```

ಇದರಲ್ಲಿ GTA (RCM) ಅಂದರೆ ಆಗಲೇ ಹೇಳಿದ, ರಿವರ್ಸ್ ಚಾರ್ಜ್ ಬರುವ ಟ್ರಾನ್ಸ್‌ಪೋರ್ಟ್ ಕಂಪನಿಯ ಬಾಡಿಗೆ. ಇದರ ಜೊತೆ ಸೇಲ್ಸ್ ಲೆಡ್ಜರ್ ಎರಡು, ಅಂಗಡಿಗೊಂದು ಶೆಡ್‌ಗೊಂದು. ಅಷ್ಟೇ. ಯಾವ ಗೇಟಿಗೆ ಎಷ್ಟು ಖರ್ಚಾಯಿತು ಅಂತ ಬೇಕಿದ್ದರೆ ದೊಡ್ಡ ಕೆಲಸಗಳಿಗೆ ಮಾತ್ರ ಕಾಸ್ಟ್ ಸೆಂಟರ್ ತೆರೆಯಿರಿ, ಕೆಲಸ ಮುಗಿದ ಮೇಲೆ ಬಿಡಿ. ಅಂಗಡಿ ಮತ್ತು ಶೆಡ್ ವರ್ಷ ವರ್ಷವೂ ಇರುತ್ತವೆ, ಅವುಗಳಿಗೆ ಗ್ರೂಪ್ ಬೇಕು. ಗೇಟು ಬಂದು ಹೋಗುತ್ತದೆ, ಅದಕ್ಕೆ ಲೆಡ್ಜರ್ ಬೇಡ.

ಇಷ್ಟು ಮಾಡಿದರೂ ಒಂದು ಕಡೆ ಲೆಕ್ಕ ತಪ್ಪುತ್ತದೆ. ಶೆಡ್‌ಗೆ ಬೇಕಾದ ಪೈಪು ಎಲ್ಲಿಂದ ಬರುತ್ತದೆ? ಅಂಗಡಿಯಿಂದಲೇ. ಹುಡುಗ ಬಂದು "ಅಣ್ಣ, ನಾಲ್ಕು ಪೈಪು ತಗೊಂಡೆ" ಅಂತ ಹೇಳಿ ಎತ್ತಿಕೊಂಡು ಹೋಗುತ್ತಾನೆ. ಅದಕ್ಕೆ ಸ್ಟಾಕ್ ಜರ್ನಲ್, ಅಂದರೆ ಮಾಲು ಹೋದದ್ದರ ಎಂಟ್ರಿ ಹಾಕದಿದ್ದರೆ ಆ ಪೈಪು ಕಂಪ್ಯೂಟರ್‌ನಲ್ಲಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಗೇಟು ಮಾರಿದ ದುಡ್ಡು ಬಂದಿದೆ, ಪೈಪೂ ಸ್ಟಾಕ್‌ನಲ್ಲಿದೆ! ಅಷ್ಟರಮಟ್ಟಿಗೆ ಲಾಭ ಸುಳ್ಳು. ಇದನ್ನು ಹಿಡಿಯುವುದು ಸುಲಭ. ತಿಂಗಳ ಕೊನೆಗೆ ಅಂಗಡಿಯ ಎಲ್ಲ ಮಾಲು ಎಣಿಸುವುದು ಆಗದ ಮಾತು. ಶೆಡ್‌ಗೆ ಹೋಗುವ ಪೈಪು, ಆ್ಯಂಗಲ್, ಶೀಟನ್ನು ಮಾತ್ರ ಎಣಿಸಿ. ಕಂಪ್ಯೂಟರ್ ಹೇಳುವುದಕ್ಕಿಂತ ಕಡಿಮೆ ಇದ್ದರೆ ಮೊದಲು ಇಲ್ಲೇ ಹುಡುಕಿ. ಅಂಗಡಿಗೊಂದು, ಶೆಡ್‌ಗೊಂದು ಗೋಡೌನ್ ಮಾಡಿ, ಹುಡುಗರು ಪೈಪು ಎತ್ತಿದಾಗ ಒಂದು ಚೀಟಿ ಬರೆಸಿ, ವಾರಕ್ಕೊಂದು ಸಲವಾದರೂ ಅದನ್ನು ನೋಡಿ ಅಂಗಡಿಯಿಂದ ಶೆಡ್‌ಗೆ ವರ್ಗಾಯಿಸಿ. ಕೆಲಸಕ್ಕೆ ಬಳಸಿದ್ದನ್ನು ಶೆಡ್‌ನಿಂದ ಕಳೆಯಿರಿ.

ಐಟಂ ಲೆಕ್ಕ ಇಡದೆ ಬರೀ ಲೆಡ್ಜರ್‌ನಲ್ಲಿ ನಡೆಸುವವರಿಗೆ ಒಂದು ಮಾತು. ನಿಮ್ಮ ಉಳಿಕೆ ಸ್ಟಾಕಿನ ಮೊತ್ತವನ್ನು `Stock-in-Hand` ಕೆಳಗಿನ ಲೆಡ್ಜರ್‌ನಲ್ಲಿ ನೀವೇ ಬರೆಯಬೇಕು. ಅದನ್ನು ಬರೆಯದೆ ತಿಂಗಳ ಗ್ರಾಸ್ ಲಾಭ ನೋಡಬೇಡಿ. ಜಾಸ್ತಿ ಖರೀದಿ ಮಾಡಿದ ತಿಂಗಳು ನಷ್ಟ ತೋರಿಸುತ್ತದೆ, ಖರೀದಿ ಇಲ್ಲದ ತಿಂಗಳು ಭಾರೀ ಲಾಭ ತೋರಿಸುತ್ತದೆ. ಎರಡೂ ನಿಜವಲ್ಲ.

ಇನ್ನು ಮಾಲೀಕರ ಸ್ವಂತ ಹಣ. ಒಬ್ಬರೇ ಮಾಲೀಕರಾದಾಗ ಮನೆ ಗಲ್ಲಾ ಬೇರೆ, ಅಂಗಡಿ ಗಲ್ಲಾ ಬೇರೆ ಅಂತ ಇರುವುದಿಲ್ಲ. ಅದನ್ನು ಬದಲಾಯಿಸಿ ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ಲೆಕ್ಕದಲ್ಲಿ ಬೇರೆ ಕಾಣಬೇಕು. ಮನೆ ಖರ್ಚು, ಮಗಳ ಫೀಸು, ಎಲ್‌ಐಸಿ, ಮಾಲೀಕರ ಆದಾಯ ತೆರಿಗೆ, ಇವು ಯಾವುವೂ ಅಂಗಡಿಯ ಖರ್ಚಲ್ಲ. ಎಲ್ಲವೂ `Capital Account` ಕೆಳಗೆ ಡ್ರಾಯಿಂಗ್ಸ್ ಲೆಡ್ಜರ್‌ಗಳಾಗಿ ಬರಬೇಕು. ನಾನು ಮೂರು ಮಾಡಿಸುತ್ತೇನೆ: ಮನೆಗೆ, ವಿಮೆ-ಉಳಿತಾಯಕ್ಕೆ, ತೆರಿಗೆಗೆ. ರಿಟರ್ನ್ ತಯಾರು ಮಾಡುವಾಗ ಆಡಿಟರ್ ಕೇಳುವುದು ಇವನ್ನೇ.

ಬ್ಯಾಂಕ್ ಕಂತಿನಲ್ಲಿ ಆಗುವ ತಪ್ಪು ಎಲ್ಲರಿಗೂ ಪರಿಚಯ. ಗೂಡ್ಸ್ ಗಾಡಿ ಸಾಲದ ಕಂತು 11,500 ಹೋಯಿತು, ಪೂರ್ತಿ ಖರ್ಚು ಅಂತ ಬರೆದರು. ಅದರಲ್ಲಿ ಬಡ್ಡಿ 2,100 ಮಾತ್ರ ಖರ್ಚು. ಉಳಿದ 9,400 ಸಾಲ ತೀರಿದ್ದು. ಅದು `Secured Loans` ಕೆಳಗಿನ ಸಾಲದ ಲೆಡ್ಜರ್‌ನಲ್ಲಿ ಕಳೆಯಬೇಕು. ತಪ್ಪಾಗಿದೆಯಾ ಅಂತ ತಿಳಿಯಲು ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟ್‌ನಲ್ಲಿರುವ ಬಾಕಿಯನ್ನೂ ನಿಮ್ಮ ಲೆಡ್ಜರ್ ಬಾಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮಲ್ಲಿ ಬಾಕಿ ಇಳಿಯದೆ ನಿಂತಿದ್ದರೆ ಕಂತು ಖರ್ಚಿಗೆ ಹೋಗಿದೆ ಅಂತ ಅರ್ಥ.

ಚೀಟಿ ಬಗ್ಗೆ ನನ್ನನ್ನು ಎಲ್ಲ ಕಡೆಯೂ ಕೇಳುತ್ತಾರೆ, ಯಾಕೆಂದರೆ ರೆಡಿ ಗ್ರೂಪ್‌ಗಳಲ್ಲಿ ಚೀಟಿ ಅಂತ ಇಲ್ಲ. 5 ಲಕ್ಷದ ಚೀಟಿ, 25 ತಿಂಗಳು ಅಂದುಕೊಳ್ಳಿ. ಕಂತು 20,000, ಡಿವಿಡೆಂಡ್ ಕಳೆದು ತಿಂಗಳಿಗೆ ಸುಮಾರು 16,500 ಕಟ್ಟುತ್ತೀರಿ. ಹತ್ತು ತಿಂಗಳು ಕಟ್ಟಿದ್ದು 1,65,000. ಇದು ಖರ್ಚಲ್ಲ, ನಿಮಗೆ ಬರಬೇಕಾದ ಹಣ. ಹಾಗಾಗಿ ಪ್ರತಿ ಚೀಟಿಗೆ ಒಂದು ಲೆಡ್ಜರ್, `Loans & Advances (Asset)` ಕೆಳಗೆ. ಹನ್ನೊಂದನೇ ತಿಂಗಳು ಚೀಟಿ ಎತ್ತಿದಿರಿ, 4,10,000 ಕೈಗೆ ಬಂತು. ಇದು ಆದಾಯವಲ್ಲ. ಅದೇ ಲೆಡ್ಜರ್‌ಗೆ ಜಮಾ ಮಾಡಿ. ಈಗ ನೀವು ಕೊಡಬೇಕಾದ್ದು 2,45,000 ಅಂತ ಬಾಕಿ ತಿರುಗಿ ನಿಲ್ಲುತ್ತದೆ. ಅಂದರೆ ಅದು ಸಾಲವಾಯಿತು, ಲೆಡ್ಜರನ್ನು `Loans (Liability)` ಕೆಳಗೆ ಸರಿಸಿ. ಉಳಿದ ಕಂತುಗಳು ಅದನ್ನು ತೀರಿಸುತ್ತಾ ಹೋಗುತ್ತವೆ. ಕೊನೆಗೆ ಹೆಚ್ಚು ಕಟ್ಟಿದ ಮೊತ್ತವೇ ಆ ದುಡ್ಡಿಗೆ ನೀವು ಕೊಟ್ಟ ಬೆಲೆ. ಎತ್ತಿದ ದುಡ್ಡು ಅಂಗಡಿಗೆ ಬರದೆ ಮನೆ ಕಟ್ಟಲು ಹೋಗಿದ್ದರೆ ಇಡೀ ಚೀಟಿಯನ್ನೇ ಡ್ರಾಯಿಂಗ್ಸ್‌ನಲ್ಲಿ ಇಡಿ, ಅಂಗಡಿ ಲೆಕ್ಕಕ್ಕೆ ತರಬೇಡಿ.

ಭಾವನಿಂದ ತಂದ ಹಣ `Unsecured Loans` ಕೆಳಗೆ. ಸಪ್ಲೈಯರ್‌ಗಳ ಜೊತೆ ಸೇರಿಸಿದರೆ ಮಾಲಿನ ಬಾಕಿ ಎಷ್ಟು, ಕೈಗಡ ಎಷ್ಟು ಅಂತ ತಿಳಿಯುವುದಿಲ್ಲ. ಇಂಥ ಸಾಲ 20,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ ಅನ್ನುವುದು ನೆನಪಿರಲಿ. ಬ್ಯಾಂಕ್ ಮೂಲಕವೇ ಬರಲಿ.

ಇದಕ್ಕೂ ಯುಪಿಐಗೂ ಸಂಬಂಧ ಇದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆಲ್ಲ ನೆನಪಿದೆ. ಆಗ ಬಂದ ದೊಡ್ಡ ಪ್ರಶ್ನೆ, ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದು ಎಷ್ಟು, ಮನೆಯವರು ಸ್ನೇಹಿತರು ಹಾಕಿದ್ದು ಎಷ್ಟು? ನೆನಪಿನಿಂದ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಬಂದ ದಿನವೇ ಅದು ಸೇಲ್ಸಿಗೋ, ಸಾಲಕ್ಕೋ, ಬಂಡವಾಳಕ್ಕೋ ಅಂತ ಸರಿಯಾದ ಲೆಡ್ಜರ್‌ನಲ್ಲಿ ಕೂತಿದ್ದರೆ ಪಟ್ಟಿ ತೆಗೆದು ಕೊಡಬಹುದು.

ಕ್ಯೂಆರ್ ಕೋಡ್ ಇಟ್ಟಿರುವವರಿಗೆ ಇನ್ನೊಂದು ಲೆಡ್ಜರ್ ತುಂಬಾ ಉಪಯೋಗ. ಕೆಲವು ಕ್ಯೂಆರ್ ಸೇವೆಗಳಲ್ಲಿ ಇವತ್ತಿನ ವ್ಯಾಪಾರದ ಹಣ ಒಟ್ಟಾಗಿ ಮಾರನೇ ದಿನ ಬ್ಯಾಂಕಿಗೆ ಬರುತ್ತದೆ. ಅಂಥವರು `UPI Clearing` ಅಂತ ಒಂದು ಲೆಡ್ಜರನ್ನು `Current Assets` ಕೆಳಗೆ ತೆರೆಯಿರಿ. ಇವತ್ತು ಯುಪಿಐನಲ್ಲಿ ಆದ ವ್ಯಾಪಾರ 18,400 ಅಂತಾದರೆ ಅದು ಮೊದಲು ಈ ಲೆಡ್ಜರ್‌ಗೆ ಬರಲಿ. ನಾಳೆ ಬ್ಯಾಂಕಿಗೆ ಬಂದಾಗ ಇಲ್ಲಿಂದ ಕಳೆಯಿರಿ. ಸಂಜೆ ನೋಡಿದಾಗ ಈ ಲೆಡ್ಜರ್‌ನಲ್ಲಿ ಅವತ್ತಿನ ಮೊತ್ತ ಮಾತ್ರ ನಿಂತಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಯಾವುದೋ ದಿನದ ಹಣ ಬಂದಿಲ್ಲ. ಮೈನಸ್ ಆಗಿದ್ದರೆ ಯಾವುದೋ ಬಿಲ್ಲು ಬರೆದಿಲ್ಲ. ದುಡ್ಡು ಯಾರು ಹಾಕಿದರು ಅಂತ ಗೊತ್ತೇ ಆಗದಿದ್ದರೆ `Suspense A/c` ಕೆಳಗೆ ಹಾಕಿ, ತಪ್ಪಿಲ್ಲ. ಆದರೆ ತಿಂಗಳು ಮುಗಿಯುವ ಮೊದಲು ಅದು ಸೊನ್ನೆಯಾಗಬೇಕು.

"ಇತರೆ ಖರ್ಚು" ಅನ್ನುವ ಲೆಡ್ಜರ್ ಇರಲಿ. ಅದಿಲ್ಲದಿದ್ದರೆ ಹುಡುಗ ನೂರು ರೂಪಾಯಿಗೂ ಹೊಸ ಲೆಡ್ಜರ್ ತೆರೆಯುತ್ತಾನೆ. ಆದರೆ ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ಒಂದೇ ತರಹದ ಖರ್ಚು ಮತ್ತೆ ಮತ್ತೆ ಕಂಡರೆ ಅದಕ್ಕೆ ಹೆಸರು ಕೊಡುವ ಸಮಯ ಬಂದಿದೆ ಅಂತ ತಿಳಿಯಿರಿ.

ಜಿಎಸ್‌ಟಿ ಲೆಡ್ಜರ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಲ್ಲವೂ `Duties & Taxes` ಕೆಳಗೆ. ಖರೀದಿಗೆ ಮೂರು, ಮಾರಾಟಕ್ಕೆ ಮೂರು: ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ. ರಿವರ್ಸ್ ಚಾರ್ಜ್‌ಗೆ ಬೇರೆ. ಖರೀದಿ, ಮಾರಾಟ ಎರಡಕ್ಕೂ ಒಂದೇ ಲೆಡ್ಜರ್ ಇಟ್ಟರೂ ಟ್ಯಾಲಿ ನಡೆಯುತ್ತದೆ. ಆದರೆ ಕ್ರೆಡಿಟ್ ಎಷ್ಟು ಇದೆ, ಕಟ್ಟಬೇಕಾದ್ದು ಎಷ್ಟು ಅಂತ ಪೋರ್ಟಲ್ ಜೊತೆ ತಾಳೆ ನೋಡಲು ಬೇರೆ ಇದ್ದರೆ ಅನುಕೂಲ. ಇಲ್ಲಿಯೂ ದರಕ್ಕೊಂದು ಲೆಡ್ಜರ್ ಬೇಡ.

ಈಗ ಉದ್ರಿ ಗಿರಾಕಿಗಳು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಲೆಡ್ಜರ್ ಬೇಕು, `Sundry Debtors` ಕೆಳಗೆ. ಅದರೊಳಗೆ ಕಂಟ್ರಾಕ್ಟರ್‌ಗಳು, ಮನೆ ಕಟ್ಟುವವರು ಅಂತ ಎರಡು ಗ್ರೂಪ್ ಮಾಡಿದರೆ ವಸೂಲಿಗೆ ಅನುಕೂಲ. ನಗದು ಕೊಟ್ಟು ಹೋಗುವವರಿಗೆ ಲೆಡ್ಜರ್ ಬೇಡವೇ ಬೇಡ. ಹೆಸರು ಬರೆಯುವುದಕ್ಕೆ ಒಂದು ನಿಯಮ ಮಾಡಿ: ಮೊದಲು ಹೆಸರು, ಆಮೇಲೆ ಊರು. ಇಲ್ಲದಿದ್ದರೆ ಒಬ್ಬನೇ ಕಂಟ್ರಾಕ್ಟರ್ "ಮಂಜು", "ಮಂಜಣ್ಣ", "ಮಂಜುನಾಥ್ ಕಂಟ್ರಾಕ್ಟರ್" ಅಂತ ಮೂರು ಕಡೆ ಇರುತ್ತಾನೆ. ಒಂದರಲ್ಲಿ ಬಾಕಿ, ಇನ್ನೊಂದರಲ್ಲಿ ಅಡ್ವಾನ್ಸ್. ಅಂಗಡಿಯಲ್ಲಿ ಕರೆಯುವ ಹೆಸರನ್ನು ಅಲಿಯಾಸ್ ಆಗಿ ಹಾಕಿ, ಹುಡುಕಿದರೆ ಸಿಗುತ್ತದೆ.

ಆರಂಭದ ಬಾಕಿ ಹಾಕುವಾಗ ತುಂಬಾ ಜನ ಅವಸರ ಮಾಡುತ್ತಾರೆ. ಒಬ್ಬ ಕಂಟ್ರಾಕ್ಟರ್ 1,86,000 ಕೊಡಬೇಕು ಅಂತ ಪುಸ್ತಕದಲ್ಲಿದೆ. ಅದನ್ನು ಏಪ್ರಿಲ್ 1ರ ತಾರೀಖು ಹಾಕಿ ಒಂದೇ ಮೊತ್ತವಾಗಿ ಬರೆದರೆ, ಬಾಕಿ ಎಷ್ಟು ಹಳೆಯದು ಅಂತ ತೋರಿಸುವ ಪಟ್ಟಿಯಲ್ಲಿ ಎಲ್ಲವೂ ಏಪ್ರಿಲ್‌ನದ್ದೇ ಅಂತ ಕಾಣುತ್ತದೆ. ಪುಸ್ತಕ ಬಿಡಿಸಿ ನೋಡಿ. 62,000 ಕಳೆದ ಸೆಪ್ಟೆಂಬರ್‌ನದ್ದು, 48,000 ಜನವರಿಯದ್ದು, 76,000 ಮಾರ್ಚ್‌ನದ್ದು ಇರಬಹುದು. ಲೆಡ್ಜರ್‌ನಲ್ಲಿ `Maintain balances bill-by-bill` ಅನ್ನುವುದಕ್ಕೆ ಹೌದು ಅಂತ ಹೇಳಿ, ಈ ಮೂರನ್ನೂ ಅವುಗಳ ತಾರೀಖಿನೊಂದಿಗೆ ಹಾಕಿ. ಸೆಪ್ಟೆಂಬರ್‌ನ 62,000ಕ್ಕೆ ಯಾಕೆ ದುಡ್ಡು ಬಂದಿಲ್ಲ ಅಂತ ಮೊದಲ ವಾರವೇ ಕೇಳುತ್ತೀರಿ. ಬಹಳ ಸಲ ಅಲ್ಲಿ ಮಾಲು ವಾಪಸ್ ಕೊಟ್ಟದ್ದೋ, ಅಳತೆ ಜಗಳವೋ ಇರುತ್ತದೆ.

ಎಲ್ಲ ಆರಂಭದ ಬಾಕಿ ಹಾಕಿದ ಮೇಲೆ ಬ್ಯಾಲೆನ್ಸ್ ಶೀಟ್‌ನಲ್ಲಿ `Difference in opening balances` ಅಂತ ಒಂದು ಸಾಲು ಬಂದೇ ಬರುತ್ತದೆ. ಹೆದರಬೇಡಿ. ಪುಸ್ತಕದಲ್ಲಿ ಮಾಲೀಕರ ಬಂಡವಾಳಕ್ಕೆ ಪುಟವೇ ಇರಲಿಲ್ಲ, ಅದಕ್ಕೆ ಈ ವ್ಯತ್ಯಾಸ. ನಮ್ಮ ಅಂಗಡಿಯಲ್ಲಿ ಸ್ಟಾಕ್ 22,00,000, ಬರಬೇಕಾದ ಬಾಕಿ 9,60,000, ನಗದು-ಬ್ಯಾಂಕ್ 2,40,000, ಗಾಡಿ-ಯಂತ್ರ 4,00,000. ಒಟ್ಟು 38 ಲಕ್ಷ. ಕೊಡಬೇಕಾದ್ದು ಸಪ್ಲೈಯರ್‌ಗಳಿಗೆ 8,50,000, ಬ್ಯಾಂಕ್ ಓಡಿ 6,00,000, ಗಾಡಿ ಸಾಲ 2,50,000, ಭಾವನಿಗೆ 3,00,000. ಒಟ್ಟು 20 ಲಕ್ಷ. ವ್ಯತ್ಯಾಸ 18 ಲಕ್ಷ, ಅದೇ ಬಂಡವಾಳ. ಆದರೆ ಆ ಅಂಕಿಯನ್ನು ಹಾಕುವ ಮೊದಲು ಒಂದು ಕೆಲಸ ಇದೆ. ಹೋದ ವರ್ಷ ಆದಾಯ ತೆರಿಗೆ ರಿಟರ್ನ್ ಜೊತೆ ಮಾಡಿಸಿದ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿ. ಅಲ್ಲಿ ಬಂಡವಾಳ 18 ಲಕ್ಷ ಇಲ್ಲದಿದ್ದರೆ ಸ್ಟಾಕೋ, ಬಾಕಿಯೋ ಎಲ್ಲೋ ಬೇರೆ ಅಂಕಿ ಹೋಗಿದೆ. ಆಡಿಟರ್ ಜೊತೆ ಕೂತು ಅದನ್ನು ಬಗೆಹರಿಸಿಕೊಂಡು ಮುಂದುವರಿಯಿರಿ.

ಪ್ರಶ್ನೆಗಳ ಸಮಯದಲ್ಲಿ ಒಬ್ಬರು ಕೇಳಿದರು: "ಸರ್, ಇಷ್ಟೆಲ್ಲ ಮಾಡಿದ ಮೇಲೆ ತಪ್ಪಾಗಿದೆ ಅಂತ ಗೊತ್ತಾದರೆ ಆಮೇಲೆ ಸರಿ ಮಾಡಬಹುದಾ?"

ಮಾಡಬಹುದು, ಆದರೆ ಎಲ್ಲ ತಪ್ಪೂ ಒಂದೇ ಸಮ ಅಲ್ಲ. ಲೆಡ್ಜರ್ ಹೆಸರು ಬದಲಾಯಿಸುವುದು, ಒಂದು ಗ್ರೂಪ್‌ನಿಂದ ಇನ್ನೊಂದಕ್ಕೆ ಸರಿಸುವುದು ಒಂದು ನಿಮಿಷದ ಕೆಲಸ. ಹಮಾಲಿಯನ್ನು ಕೆಳಗೆ ಇಟ್ಟಿದ್ದರೆ ಮೇಲಕ್ಕೆ ತಂದರಾಯಿತು. ಹಳೆ ತಿಂಗಳ ಪಟ್ಟಿಗಳೂ ಹೊಸ ಗ್ರೂಪ್ ಪ್ರಕಾರ ಬದಲಾಗುತ್ತವೆ. ಅದಕ್ಕೇ ಬ್ಯಾಂಕಿಗೆ ಕೊಟ್ಟ, ರಿಟರ್ನ್‌ಗೆ ಬಳಸಿದ ಪಟ್ಟಿಗಳನ್ನು ಮೊದಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕಷ್ಟ ಆಗುವುದು ಒಂದರಲ್ಲಿ ಸೇರಿಹೋದದ್ದನ್ನು ಬಿಡಿಸಲು. ಒಂದೇ ಕೂಲಿ ಲೆಡ್ಜರ್‌ನಲ್ಲಿ ವೆಲ್ಡರ್ ಮತ್ತು ಕೌಂಟರ್ ಹುಡುಗ ಇಬ್ಬರೂ ಆರು ತಿಂಗಳು ಸೇರಿದ್ದರೆ ಪ್ರತಿ ವೋಚರ್ ತೆರೆದು ತಿದ್ದಬೇಕು. ಎಂಟ್ರಿ ಇರುವ ಲೆಡ್ಜರನ್ನು ಅಳಿಸಲೂ ಬಿಡುವುದಿಲ್ಲ. ಹಾಗಾಗಿ ಗ್ರೂಪ್ ಬಗ್ಗೆ ಅನುಮಾನ ಇದ್ದರೆ ಸುಮ್ನೆ ಒಂದು ಕಡೆ ಹಾಕಿ ಮುಂದೆ ಹೋಗಿ. ಎರಡು ಬೇರೆ ಖರ್ಚುಗಳನ್ನು ಒಂದೇ ಲೆಡ್ಜರ್‌ಗೆ ಹಾಕಬೇಕಾ ಅನ್ನುವ ಅನುಮಾನ ಬಂದರೆ ಅಲ್ಲಿ ನಿಂತು ಯೋಚಿಸಿ.

ಇನ್ನೊಬ್ಬರು ಹಳೆ ಪುಸ್ತಕ ಯಾವಾಗ ನಿಲ್ಲಿಸಬೇಕು ಅಂತ ಕೇಳಿದರು. ಒಂದು ತಿಂಗಳು ಎರಡೂ ನಡೆಯಲಿ. ಪ್ರತಿ ಸಂಜೆ ರೋಕಡ ಪುಸ್ತಕದ ನಗದು ಮತ್ತು ಟ್ಯಾಲಿಯ ನಗದು ಒಂದೇ ಇದೆಯಾ ನೋಡಿ. ತಿಂಗಳ ಕೊನೆಗೆ ಉದ್ರಿ ಪುಸ್ತಕದ ಒಟ್ಟು ಬಾಕಿ ಮತ್ತು `Sundry Debtors` ಒಟ್ಟು ತಾಳೆ ನೋಡಿ. ಎರಡೂ ಕೂಡಿಬಂದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪುಸ್ತಕ ಬರೆಯಬೇಡಿ. ಶೆಡ್ ಹುಡುಗರು ಪೈಪು ಎತ್ತಿದಾಗ ಬರೆಯುವ ಚೀಟಿ ಮಾತ್ರ ಮುಂದುವರಿಯಲಿ, ಅದು ಇಲ್ಲದಿದ್ದರೆ ಸ್ಟಾಕ್ ಜರ್ನಲ್ ಹಾಕಲು ನಿಮ್ಮ ಹತ್ತಿರ ಆಧಾರವೇ ಇರುವುದಿಲ್ಲ.